ಬೆನ್ನ ಹಿಂದಿನ ನಗು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿಯ ಸಹಕಾರ ಸಂಘವೊಂದರಲ್ಲಿ ಉದ್ಯೋಗಿಯಾಗಿರುವ, 35 ದಾಟಿದ ಒಬ್ಬರಿಗೆ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಒಮ್ಮೆಲೇ ಎದೆ ಹೊಡೆದುಕೊಂಡು, ಕೈ ಬೆವತು, ಅರ್ಧದಲ್ಲೇ ಎದ್ದು ಬರಬೇಕಾಯಿತು. ಮುಂದೆ ಮದುವೆಯ ಊಟದ ಪಂಕ್ತಿಯಲ್ಲೂ ಕಚೇರಿಯ ಸಭೆಯಲ್ಲೂ ಹಾಗೆಯೇ ಆಯಿತು. ಇಸಿಜಿ ಮತ್ತು ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವಿಲ್ಲವೆಂದು ತಿಳಿದ ಬಳಿಕ ಅವರು ನನ್ನಲ್ಲಿಗೆ ಬಂದರು.

ಆತಂಕ ಬಂದಾಗಲೆಲ್ಲ ಎಲ್ಲಿ ಕುಳಿತಿದ್ದರು, ಅದಕ್ಕೆ ತುಸು ಮೊದಲು ಏನು ಕೇಳಿಸಿತು ಎಂಬುದನ್ನು ಬರೆದಿಡಲು ಹೇಳಿದೆ. ಮಲ್ಪೆ ಬಂದರಿನ ನೂಕುನುಗ್ಗಲಿನಲ್ಲಿ ಅವರಿಗೆ ಏನೂ ಆಗುತ್ತಿರಲಿಲ್ಲ. ಸಾಲಾಗಿ ಕುಳಿತಿರುವಾಗ ಹಿಂದಿನಿಂದ ಯಾರಾದರೂ ನಕ್ಕರೆ ಮಾತ್ರ ಮೈ ಬಿಗಿಯುತ್ತಿತ್ತು. ಅಂದರೆ ಅವರ ಭಯ ಜನಸಂದಣಿಯದ್ದಾಗಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮ ಸೇರಿದ್ದ ಅವರು ಪಾಠ ಓದಲು ಎದ್ದು ನಿಂತಾಗಲೆಲ್ಲ, ಹಿಂದಿನ ಬೆಂಚಿನ ಹುಡುಗರು ಅವರ ಉಚ್ಚಾರವನ್ನು ಅಣಕಿಸಿ ಡೆಸ್ಕ್ ಕುಟ್ಟುತ್ತಿದ್ದರು. ವರ್ಷಗಟ್ಟಲೆ ಸುಮ್ಮನಿದ್ದ ಆ ನೆನಪನ್ನು ಮಗಳ ತರಗತಿಯ ಬೆಂಚು ಕೆದಕಿತ್ತು. ಇಂಥ ನೆನಪು ಘಟನೆಯ ರೂಪದಲ್ಲೇ ಬರಬೇಕೆಂದಿಲ್ಲ; ಎಷ್ಟೋ ಸಲ ದೇಹದ ಗಾಬರಿ ಮಾತ್ರ ಬರುತ್ತದೆ, ಆದ್ದರಿಂದ ಅದು ಹಳೆಯದೆಂದು ಗೊತ್ತಾಗುವುದೇ ಇಲ್ಲ.

ಮೊದಲ ಸಲಹೆ, ಅಂದು ಮತ್ತು ಇಂದಿನ ವ್ಯತ್ಯಾಸವನ್ನು ಗುರುತಿಸುವುದು. ನಗುವಿನ ಧ್ವನಿಮುದ್ರಿಕೆಯನ್ನು ಕೇಳುತ್ತ, ನಗುತ್ತಿರುವವರು ಯಾರು, ತನಗೀಗ ವಯಸ್ಸೆಷ್ಟು, ಎದ್ದು ಹೋಗಲು ಯಾರ ಅನುಮತಿಯಾದರೂ ಬೇಕೇ ಎಂಬುದನ್ನು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಹೊರಗೆ ನಗು ಕೇಳಿದಾಗ ತಿರುಗಿ ನೋಡಬೇಕೆಂದೂ ತಿಳಿಸಿದೆ.

ಎರಡನೆಯದು ಹೆಚ್ಚು ಕಷ್ಟದ್ದಾಗಿತ್ತು. ಗೋಡೆಗೆ ಒರಗಿ ಕೊನೆಯ ಸಾಲಿನಲ್ಲಿ ಕೂರುವುದು, ಮೊಬೈಲಿನಿಂದ ಕಣ್ಣೆತ್ತದಿರುವುದು, ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೇ ಮಾತನಾಡುವುದು, ಇವೆಲ್ಲ ರಕ್ಷಣೆಯಂತೆ ಕಂಡರೂ, ಯಾರೂ ತನ್ನನ್ನು ಅಣಕಿಸುತ್ತಿಲ್ಲ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶವನ್ನೇ ತಪ್ಪಿಸುತ್ತಿದ್ದವು. ಹಾಗಾಗಿ ಪರಿಚಯದ ಮನೆಯ ಸಮಾರಂಭದಲ್ಲಿ ಪಂಕ್ತಿಯ ನಡುವೆ ಕುಳಿತು, “ಎಲ್ಲರೂ ನನ್ನನ್ನೇ ನೋಡುತ್ತಾರೆ” ಎಂಬ ನಿರೀಕ್ಷೆಯನ್ನು ಮೊದಲೇ ಬರೆದಿಟ್ಟು, ಬಳಿಕ ತಲೆಯೆತ್ತಿ ಪರೀಕ್ಷಿಸಲು ಹೇಳಿದೆ. ಅಕ್ಕಪಕ್ಕದವರ ಗಮನ ತಮ್ಮ ಎಲೆಯ ಮೇಲೂ ಬಡಿಸುವವರ ಮೇಲೂ ಇತ್ತು. ದೀರ್ಘವಾಗಿ ಉಸಿರಾಡುವುದನ್ನು ಆ ಹೊತ್ತಿಗೆ ಬೇಡವೆಂದೆ, ಏಕೆಂದರೆ ಅದರಿಂದಲೇ ತಾನು ಪಾರಾದೆನೆಂಬ ಭಾವನೆ ಬಂದರೆ ಅದೂ ಇನ್ನೊಂದು ರಕ್ಷಣೆಯಾಗಿಬಿಡುತ್ತದೆ.

ನಗು ಕೇಳಿದಾಗ ಅವರ ಎದೆ ಈಗಲೂ ಝಲ್ಲೆನ್ನುತ್ತದೆ, ಆದರೆ ಎದ್ದು ಹೋಗದೆಯೇ ಅದು ಇಳಿಯುತ್ತದೆ. ದುಃಸ್ವಪ್ನಗಳೋ ಸುತ್ತಲಿನ ಪರಿವೆ ತಪ್ಪುವುದೋ ಕಂಡಿದ್ದರೆ ಈ ಅಭ್ಯಾಸಗಳನ್ನು ನಿಲ್ಲಿಸಿ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಅಣಕಿಸಿದವರಲ್ಲಿ ಒಬ್ಬರು ಅದೇ ಊರಿನಲ್ಲಿರುವುದರಿಂದ, ಹೋಗಿ ಕೇಳಿಬಿಡಲೇ ಎಂದು ಅವರು ವಿಚಾರಿಸಿದರು. ಆ ವ್ಯಕ್ತಿ “ನನಗೆ ನೆನಪೇ ಇಲ್ಲ” ಎಂದರೂ ತಡೆದುಕೊಳ್ಳಬಲ್ಲೆನೆಂಬ ಸ್ಥಿತಿಗೆ ಬಂದ ಮೇಲೆ ಮಾತ್ರ ಹೋಗುವ ಯೋಚನೆ ಮಾಡಿ, ಅಲ್ಲಿಯವರೆಗೆ ಬೇಡ ಎಂದು ಸಲಹೆ ನೀಡಿದ್ದೇನೆ.