5ನೇ ಫ್ಲೋರ್‌ನಲ್ಲೇ ಎಲ್ಲರೂ ಸಾಯ್ತಾರೆ, ಹೆಲ್ತ್ ಸ್ಕೇಲಿಂಗ್ ಇಳಿಸಲೇ?

ಪ್ರಶ್ನೆ: ನನ್ನ ರೋಗ್‌ಲೈಕ್ ಗೇಮ್ 4ನೇ ಫ್ಲೋರ್‌ವರೆಗೆ ಚೆನ್ನಾಗಿದೆ. 5ಕ್ಕೆ ಹೋದ ತಕ್ಷಣ ಆಡುವವರು "ಇದು ಮೋಸ" ಅಂತ ಬಿಟ್ಟುಬಿಡ್ತಾರೆ. ಪ್ರತಿ ಫ್ಲೋರ್‌ಗೂ ಶತ್ರುಗಳ ಹೆಲ್ತ್ 1.15 ಪಟ್ಟು ಏರುತ್ತೆ. 1.10 ಮಾಡಿದರೆ ಸರಿಹೋಗುತ್ತಾ?

ಉತ್ತರ: ಬೇಡ, ಆ ಸಂಖ್ಯೆಗೆ ಕೈ ಹಾಕಬೇಡಿ. ನಾನು ಹಾಕಿ ವಾರಗಟ್ಟಲೆ ಕಳೆದೆ. ನನ್ನ ಟೇಬಲ್ ಹೀಗಿತ್ತು:

```
id,weight,min_floor,max_floor,base_hp
rat,60,1,4,10
goblin,30,1,10,20
archer,10,3,10,14
```

ಕತ್ತಿಯ ಒಂದು ಏಟಿಗೆ 10 ಡ್ಯಾಮೇಜ್. 5ನೇ ಫ್ಲೋರ್‌ನಲ್ಲಿ ಬಿಲ್ಲುಗಾರನ ಹೆಲ್ತ್ 1.15ರ ಲೆಕ್ಕದಲ್ಲಿ 25, 1.10ರಲ್ಲಿ 21. ಎರಡಕ್ಕೂ ಮೂರೇ ಏಟು! ಗಾಬ್ಲಿನ್‌ಗೆ ಒಂದು ಏಟು ಕಡಿಮೆಯಾಯಿತು, ನಿಜ. ಆದರೆ ಜನ ಸಾಯುತ್ತಿದ್ದದ್ದು ಗಾಬ್ಲಿನ್‌ನಿಂದ ಅಲ್ಲ.

ಎಡವಿದ್ದು `weight` ಕಾಲಂನಲ್ಲಿ. 60, 30, 10 ಕೂಡಿದರೆ ಸರಿಯಾಗಿ 100. ಹಾಗಾಗಿ ನಾನು ಅದನ್ನು ಶೇಕಡಾವಾರು ಅಂತಲೇ ಓದುತ್ತಿದ್ದೆ, ಬಿಲ್ಲುಗಾರ ಅಂದರೆ ಯಾವಾಗಲೂ 10% ಅಂತ. ಅದು ಪಾಲು ಮಾತ್ರ. ಆ ಫ್ಲೋರ್‌ನಲ್ಲಿ ಬರಬಲ್ಲ ಎಲ್ಲ ಸಾಲುಗಳ ಮೊತ್ತದಿಂದ ಅದನ್ನು ಭಾಗಿಸಬೇಕು. ಇಲಿಯ `max_floor` 4. ಐದಕ್ಕೆ ಬಂದಾಗ ಇಲಿಯ 60 ಪೂರ್ತಿ ಹೋಗಿ ಮೊತ್ತ 40ಕ್ಕಿಳಿಯುತ್ತೆ. ಬಿಲ್ಲುಗಾರನ 10 ಹಾಗೇ ಇದೆ, ಆದರೆ ಈಗ ಅದು 40ರಲ್ಲಿ 10, ಅಂದರೆ 25%. ಟೇಬಲ್‌ನಲ್ಲಿ ಒಂದಂಕಿಯೂ ಬದಲಾಗಿಲ್ಲ, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ನಾಲ್ಕು ಶತ್ರುಗಳಿರುವ ಕೋಣೆಗೆ ಲೆಕ್ಕ ಹಾಕಿ ನೋಡಿ. ಇಬ್ಬರು ಅಥವಾ ಹೆಚ್ಚು ಬಿಲ್ಲುಗಾರರು ಒಟ್ಟಿಗೆ ಬರುವ ಸಾಧ್ಯತೆ ಮೊದಲು ಸುಮಾರು 5%, ಈಗ 26%. ಒಬ್ಬನ ಹತ್ತಿರ ಹೋದರೆ ಇನ್ನೊಬ್ಬ ಬೆನ್ನಿಗೆ ಹೊಡೆಯುತ್ತಾನೆ. ಹೇಗೆ ಆಡಿದರೂ ಪೆಟ್ಟು ತಪ್ಪದ ಕೋಣೆ ಇಪ್ಪತ್ತಕ್ಕೊಂದು ಬಂದರೆ ಹಣೆಬರಹ ಅನ್ನುತ್ತಾರೆ, ನಾಲ್ಕಕ್ಕೊಂದು ಬಂದರೆ ಮೋಸ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ.

ನಾನು ಮಾಡಿದ್ದು ಎರಡೇ. ಇಲಿ ಹೋಗುವ ಜಾಗಕ್ಕೆ ಅದೇ 60 ತೂಕದ ಬಾವಲಿಯನ್ನು 5ನೇ ಫ್ಲೋರ್‌ನಿಂದ ಸೇರಿಸಿದೆ. ಜೊತೆಗೆ `max_per_room` ಅಂತ ಹೊಸ ಕಾಲಂ ಹಾಕಿ ಬಿಲ್ಲುಗಾರನಿಗೆ 1 ಕೊಟ್ಟೆ. ತೂಕ ಎಷ್ಟೇ ಸರಿಯಿದ್ದರೂ ರ‍್ಯಾಂಡಮ್ ಒಮ್ಮೊಮ್ಮೆ ಕೈಕೊಡುತ್ತೆ.

ನಿಮ್ಮದೂ ಇದೇನಾ ಅಂತ ತಿಳಿಯಲು, ಆಟಗಾರನಿಲ್ಲದೆ ಪ್ರತಿ ಫ್ಲೋರ್‌ಗೆ 10,000 ಕೋಣೆ ಹುಟ್ಟಿಸಿ, ಯಾವ ಶತ್ರು ಎಷ್ಟು ಪಾಲು ಬಂತು ಅಂತ ಪ್ರಿಂಟ್ ಮಾಡಿ. ಅಕ್ಕಪಕ್ಕದ ಎರಡು ಫ್ಲೋರ್‌ಗಳ ನಡುವೆ ಯಾವುದಾದರೂ ದಿಢೀರ್ ಏರಿದ್ದರೆ ಅಲ್ಲೇ ಹುಡುಕಿ. ಏರಿಕೆ ಕಾಣದಿದ್ದರೆ ಮಾತ್ರ ಹೆಲ್ತ್ ಮುಟ್ಟಿ. ಆಗಲೂ ಗುಣಕವನ್ನು ಊಹಿಸಬೇಡಿ. ಈ ಫ್ಲೋರ್‌ನಲ್ಲಿ ಇವನು ಎಷ್ಟು ಏಟಿಗೆ ಸಾಯಬೇಕು ಅಂತ ಟೇಬಲ್‌ನಲ್ಲಿ ಬರೆದು, ಹೆಲ್ತನ್ನು ಅದರಿಂದ ಲೆಕ್ಕ ಹಾಕಿ.