ಸಲ್ಫ್ಯೂರಿಕ್ ಆಸಿಡ್ ಜಾಸ್ತಿ ಹಾಕಿದ್ರೂ ಎಸ್ಟರ್ ಯಾಕೆ ಜಾಸ್ತಿ ಬರಲ್ಲ?

ಪ್ರಶ್ನೆ: ಸರ್, ಅಸೆಟಿಕ್ ಆಸಿಡ್, ಎಥನಾಲ್ ಒಂದೊಂದು ಮೋಲ್ ತಗೊಂಡು ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಹಾಕಿ ರಿಫ್ಲಕ್ಸ್ ಮಾಡಿದೆ. ಮೂರರಲ್ಲಿ ಎರಡು ಭಾಗ ಆದ್ಮೇಲೆ ಮುಂದಕ್ಕೇ ಹೋಗ್ತಿಲ್ಲ. ಇನ್ನಷ್ಟು ಸಲ್ಫ್ಯೂರಿಕ್ ಆಸಿಡ್ ಹಾಕ್ಲಾ, ಇನ್ನೂ ಹೊತ್ತು ಕಾಯಿಸ್ಲಾ?

ಉತ್ತರ: ಎರಡೂ ಬೇಡ. ನಿಮ್ಮ ರಿಯಾಕ್ಷನ್ ಕೆಟ್ಟಿಲ್ಲ, ಅದು ಈಕ್ವಿಲಿಬ್ರಿಯಂ ಮುಟ್ಟಿದೆ. ಇದರ K ಸುಮಾರು 4, ಅಂದ್ರೆ ಎಸ್ಟರ್ ಮತ್ತು ನೀರಿನ ಗುಣಲಬ್ಧವನ್ನ ಉಳಿದ ಆಸಿಡ್ ಮತ್ತು ಆಲ್ಕೋಹಾಲ್‌ನ ಗುಣಲಬ್ಧದಿಂದ ಭಾಗಿಸಿದ್ರೆ 4 ಬರ್ಬೇಕು, ಆದ ಎಸ್ಟರ್ x ಮೋಲ್ ಅಂತಿಟ್ಕೊಂಡ್ರೆ, ಸಮ ಮೋಲ್ ಹಾಕಿದಾಗ x²/(1−x)² = 4, ಹಾಗಾಗಿ x = 0.67, ನಿಮಗೆ ಸಿಕ್ಕಿದ್ದೂ ಅದೇ. ಅನುಮಾನ ಇದ್ರೆ ಒಂದೊಂದು ಮೋಲ್ ಎಥಿಲ್ ಅಸಿಟೇಟ್, ನೀರು ತಗೊಂಡು ಅದೇ ಕ್ಯಾಟಲಿಸ್ಟ್ ಜೊತೆ ಕಾಯಿಸಿ ನೋಡಿ, ಆ ಕಡೆಯಿಂದ ಬಂದ್ರೂ ಇದೇ ಮಿಶ್ರಣಕ್ಕೆ ಬಂದು ನಿಲ್ಲತ್ತೆ.

ಕ್ಯಾಟಲಿಸ್ಟ್ ಯಾಕೆ ಸಹಾಯ ಮಾಡಲ್ಲ ಅನ್ನೋದು ಮೆಕ್ಯಾನಿಸಂ ನೋಡಿದ್ರೆ ಗೊತ್ತಾಗತ್ತೆ. ಮೊದಲು H⁺ ಹೋಗಿ ಆಸಿಡ್‌ನ C=O ಆಕ್ಸಿಜನ್ ಮೇಲೆ ಕೂರತ್ತೆ, ಆಗ ಆ ಕಾರ್ಬನ್‌ಗೆ ಎಲೆಕ್ಟ್ರಾನ್ ಕೊರತೆ ಹೆಚ್ಚಾಗಿ ಆಲ್ಕೋಹಾಲ್ ತನ್ನ ಆಕ್ಸಿಜನ್ ಮೂಲಕ ಬಂದು ಅಂಟ್ಕೊಳತ್ತೆ, ನಾಲ್ಕು ಬಾಂಡ್‌ನ ಮಧ್ಯಂತರ ರೂಪ ಆಗತ್ತೆ, ಪ್ರೋಟಾನ್ ಒಂದು OH ಮೇಲೆ ಜರುಗಿ ಅದು ನೀರಾಗಿ ಬಿಟ್ಟು ಹೋಗತ್ತೆ, ಕೊನೆಗೆ H⁺ ವಾಪಸ್. ಹೋಗೋ ನೀರಿನ ಆಕ್ಸಿಜನ್ ಆಸಿಡ್‌ದೇ, ಆಲ್ಕೋಹಾಲ್‌ದಲ್ಲ. 1938ರಲ್ಲಿ ರಾಬರ್ಟ್ಸ್ ಮತ್ತು ಯೂರಿ ಆಕ್ಸಿಜನ್-18 ಇದ್ದ ಮೆಥನಾಲ್ ಬಳಸಿ ಇದನ್ನ ತೋರಿಸಿದ್ರು. ಈಗ ಗಮನಿಸಿ, ಇದರ ಪ್ರತಿ ಹೆಜ್ಜೆಯೂ ಹಿಂದಕ್ಕೂ ಹೋಗತ್ತೆ, ಅದೇ H⁺ ಎಸ್ಟರ್ ಒಡೆಯೋದಕ್ಕೂ ಅಷ್ಟೇ ವೇಗ ಕೊಡತ್ತೆ. ಸಲ್ಫ್ಯೂರಿಕ್ ತುಂಬಾ ಸುರಿದ್ರೆ ಅದು ನೀರನ್ನ ಒಂದಿಷ್ಟು ಹಿಡ್ಕೊಳತ್ತೆ ಅನ್ನೋದು ನಿಜ, ಆದ್ರೆ ಎಥನಾಲ್ ಈಥರ್ ಕಡೆಗೆ ಹೋಗೋಕೆ ಶುರುವಾಗತ್ತೆ, ಮಿಶ್ರಣ ಕಪ್ಪಾಗ್ತಾ ಬರತ್ತೆ. ನಾನಂತೂ ಆ ದಾರಿ ಹಿಡಿಯಲ್ಲ.

ಸುಲಭದ ದಾರಿ, ಎಥನಾಲ್ 3 ಮೋಲ್ ಹಾಕಿ. x² = 4(1−x)(3−x) ಬಿಡಿಸಿದ್ರೆ x ಸುಮಾರು 0.90. ಆದ್ರೆ 10 ಮೋಲ್ ಹಾಕಿದ್ರೂ 0.97 ಅಷ್ಟೇ, ಅಷ್ಟೊಂದು ಎಥನಾಲ್ ಆಮೇಲೆ ಎಸ್ಟರ್‌ನಿಂದ ಬೇರೆ ಮಾಡೋದೇ ದೊಡ್ಡ ಕೆಲಸ.

ಇನ್ನೊಂದು ದಾರಿ ನೀರನ್ನ ಹೊರಗೆ ತೆಗೆಯೋದು. ಎಥಿಲ್ ಅಸಿಟೇಟ್‌ಗೆ, ಆವಿಯಾಗಿ ಬಂದ ನೀರನ್ನ ಬೇರೆ ಮಾಡಿ ಹಿಡಿದಿಡೋ ಡೀನ್-ಸ್ಟಾರ್ಕ್ ಟ್ರ್ಯಾಪ್ ಸರಿ ಹೋಗಲ್ಲ, ಯಾಕಂದ್ರೆ ಎಸ್ಟರ್ 77 ಡಿಗ್ರಿಗೆ, ಎಥನಾಲ್ 78ಕ್ಕೆ ಕುದಿಯತ್ತೆ, ನೀರಿಗಿಂತ ಮೊದಲು ಅವೇ ಮೇಲೆ ಬರ್ತವೆ, ಜೊತೆಗೆ ಎಥನಾಲ್ ನೀರಲ್ಲಿ ಬೆರೆಯೋದ್ರಿಂದ ಟ್ರ್ಯಾಪ್‌ನಲ್ಲಿ ಪದರ ಸರಿಯಾಗಿ ಬೇರೆ ಆಗಲ್ಲ. ಬ್ಯೂಟೈಲ್ ಅಸಿಟೇಟ್ ಆದ್ರೆ ಚೆನ್ನಾಗಿ ಆಗತ್ತೆ, ಬ್ಯೂಟನಾಲ್ ನೀರಲ್ಲಿ ಅಷ್ಟಾಗಿ ಕರಗಲ್ಲ, ನೀರು ಟ್ರ್ಯಾಪ್‌ನ ಕೆಳಗೆ ನಿಲ್ಲತ್ತೆ, ಮೇಲಿನ ಪದರ ಫ್ಲಾಸ್ಕ್‌ಗೆ ವಾಪಸ್ ಬೀಳತ್ತೆ. 1 ಮೋಲ್‌ಗೆ ಸುಮಾರು 18 ಮಿಲಿ ನೀರು ಬರ್ಬೇಕು, ಆ ಲೆಕ್ಕದ ಹತ್ತಿರ ಬಂದು ಮಟ್ಟ ಏರೋದು ನಿಂತ್ರೆ ಮುಗೀತು ಅಂತ ತಿಳ್ಕೊಳ್ಳಿ, ತಣ್ಣಗೆ ಮಾಡಿ, ಸೋಡಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ತೊಳೆದು ಆಸಿಡ್ ಪೂರ್ತಿ ತೆಗೆದ ಮೇಲೇ ಡಿಸ್ಟಿಲ್ ಮಾಡಿ, ಆಸಿಡ್, ನೀರು ಉಳಿದಿದ್ರೆ ಕಾಯಿಸುವಾಗ ಎಸ್ಟರ್ ಮತ್ತೆ ಒಡೆಯತ್ತೆ.