ಎಂಬತ್ತು ಕಟ್ಟು ತಲುಪಿದವು, ಚೀಟಿ ಮಾತ್ರ ಬರಲಿಲ್ಲ

ಹಾಸನದಲ್ಲಿ ವಾರಕ್ಕೆರಡು ದಿನ ಸಣ್ಣ ಉದ್ಯಮಿಗಳಿಗೆ ಆಪ್ತಸಲಹೆ ನೀಡಲು ಕೂರುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ಲಾರಿ ಕಚೇರಿಯಲ್ಲಿ ಸರಕು ರವಾನೆಯ ಲೆಕ್ಕ ಬರೆಯುತ್ತಿದ್ದೆ. ಈ ಎರಡೂ ಕೆಲಸಗಳು ಒಂದೇ ಮೇಜಿನ ಮೇಲೆ ಸೇರಿದ ಪ್ರಕರಣವಿದು. ಗುರುತು ಸಿಗದಂತೆ ಹೆಸರು, ಸರಕು, ಅಂಕಿಗಳನ್ನು ಬದಲಿಸಿದ್ದೇನೆ.

ಆಕೆಯನ್ನು ಸುಮಾ ಎಂದು ಕರೆಯೋಣ. ತಂದೆ ತೀರಿಕೊಂಡ ಮೇಲೆ ರಟ್ಟಿನ ಪೆಟ್ಟಿಗೆ ಮಾಡುವ ಅವರ ಸಣ್ಣ ಘಟಕವನ್ನು ನಡೆಸುತ್ತಿದ್ದಾರೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಬಂದರು. ಏನಾಯಿತೆಂದು ಕೇಳಿದರೆ ಮೊಬೈಲ್ ತೆಗೆದು ನನ್ನ ಮುಂದೆ ಇಟ್ಟರು. ಚಿಕ್ಕಮಗಳೂರಿನ ಒಬ್ಬ ಮಸಾಲೆ ವ್ಯಾಪಾರಿಗೆ ಬರೆದು ಕಳುಹಿಸದೆ ಉಳಿಸಿಕೊಂಡಿದ್ದ ಹನ್ನೊಂದು ಸಂದೇಶಗಳು ಅದರಲ್ಲಿದ್ದವು. ಹೆಚ್ಚಿನವು "ದಯವಿಟ್ಟು ತಪ್ಪು ತಿಳಿಯಬೇಡಿ" ಎಂದೇ ಶುರುವಾಗಿದ್ದವು.

ವಿಷಯ ಇಷ್ಟೇ. ಜುಲೈ 8ರಂದು ಬಾಡಿಗೆಯ ಗೂಡ್ಸ್ ವಾಹನದಲ್ಲಿ 2,000 ಪೆಟ್ಟಿಗೆಗಳನ್ನು, ಕಟ್ಟಿಗೆ 25ರಂತೆ 80 ಕಟ್ಟು ಮಾಡಿ, ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಕಳುಹಿಸಿದ್ದರು. ಪೆಟ್ಟಿಗೆಗೆ 28 ರೂಪಾಯಿ, ಒಟ್ಟು 56,000 ರೂಪಾಯಿ, ತೆರಿಗೆ ಬೇರೆ. ಮೌಲ್ಯ 50,000 ದಾಟಿದ್ದರಿಂದ ಇ-ವೇ ಬಿಲ್ ಮಾಡಿಸಿದ್ದರು. ಅಂದು ಸಂಜೆ ಗೋದಾಮಿನ ಹುಡುಗ ಫೋನ್ ಮಾಡಿ "ಮಾಲು ಬಂತು ಮೇಡಂ" ಎಂದೂ ಹೇಳಿದ್ದ. ಚಾಲಕ ಮಾತ್ರ ಬರಿಗೈಯಲ್ಲಿ ಮರಳಿದ. ಜೋರು ಮಳೆಯಲ್ಲಿ ಅವಸರವಾಗಿ ಇಳಿಸಿದರಂತೆ. ಸಹಿಯಾಗಬೇಕಿದ್ದ ಚಲನ್ ಕಟ್ಟುಗಳ ಸಂದಿಯಲ್ಲೆಲ್ಲೋ ಉಳಿಯಿತಂತೆ. ಸುಮಾ ಅವನ ಬಾಡಿಗೆಯಲ್ಲಿ 1,500 ರೂಪಾಯಿ ತಡೆಹಿಡಿದಿದ್ದರು. ಅವನು ದಿನವೂ ಫೋನ್ ಮಾಡುತ್ತಿದ್ದ. ನನ್ನ ಬಳಿ ಬಂದಾಗ ಮೂರು ವಾರ ಕಳೆದಿತ್ತು, ಬಿಲ್ಲಿನ ಹಣವೂ ಬಂದಿರಲಿಲ್ಲ.

"ಕೇಳುವುದಕ್ಕೇನು ಅಡ್ಡಿ?" ಎಂದೆ.

"ಅವರು ಅಪ್ಪನ ಸ್ನೇಹಿತರು ಸರ್. ಚಿಕ್ಕಪ್ಪ ಎಂದು ಕರೆದು ಬೆಳೆದವಳು ನಾನು. ಮಾಲು ಮುಟ್ಟಿದೆ ಎಂದು ಬರೆದುಕೊಡಿ ಎಂದರೆ, ಇವಳಪ್ಪ ಇಪ್ಪತ್ತು ವರ್ಷ ನಂಬಿದ, ಇವಳಿಗೆ ನನ್ನ ಮೇಲೆ ಅನುಮಾನ ಎಂದುಕೊಳ್ಳುವುದಿಲ್ಲವೇ?"

ಈ ಸಂಕೋಚವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಲೆಕ್ಕಕ್ಕಿಂತ ಮೊದಲು ಸಂಬಂಧ ಬರುತ್ತದೆ, ಬಾಕಿ ಕೇಳುವವರು ಕಾಫಿ ಕುಡಿದು ಮುಗಿಸುವವರೆಗೂ ಬಾಯಿ ತೆರೆಯುವುದಿಲ್ಲ. ಆದರೆ ಆ ಹನ್ನೊಂದು ಸಂದೇಶಗಳನ್ನು ಓದುತ್ತಿದ್ದಂತೆ ನನಗೆ ಇನ್ನೊಂದು ಸಂಗತಿ ಕಂಡಿತು. ಅನುಮಾನದ ವಾಸನೆ ಸಹಿ ಕೇಳಿದ್ದರಿಂದ ಬರುತ್ತಿರಲಿಲ್ಲ, ಆ ಕ್ಷಮೆಯಿಂದ ಬರುತ್ತಿತ್ತು. ತಪ್ಪು ತಿಳಿಯಬೇಡಿ ಎಂದವರ ಮಾತಿನಲ್ಲಿ ಕೇಳುವವರು ಮೊದಲು ಹುಡುಕುವುದು ತಪ್ಪನ್ನೇ. ಜೊತೆಗೆ, ಬಹುತೇಕ ಸಂದೇಶಗಳ ಕೊನೆಯಲ್ಲಿ "ಹಾಗೆಯೇ ಆ ಬಿಲ್ಲಿನ ಹಣವನ್ನೂ..." ಎಂಬ ಬಾಲವಿತ್ತು.

ಮೊದಲು ಆ ಬಾಲವನ್ನು ಕತ್ತರಿಸಿ ಎಂದೆ. ಸರಕು ಎಣಿಸಿ ಇಳಿಸಿಕೊಂಡವರು ಗೋದಾಮಿನವರು, ಹಣ ಕೊಡುವವರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಅದು ಯಜಮಾನರ ಮೇಜಿನ ಮೇಲೆ ಬಾಕಿ ಪತ್ರಗಳ ಜೊತೆ ಮಲಗುತ್ತದೆ, ಸಹಿ ಮಾಡಬಲ್ಲವನ ಕೈಗೆ ಬರುವುದೇ ಇಲ್ಲ. ಸರಕು ತಲುಪಿತೆಂಬ ಸಹಿ ಅಷ್ಟನ್ನೇ ಹೇಳುತ್ತದೆ. ಹಣದ ಮಾತಿಗೆ ಬೇರೆ ದಿನ, ಬೇರೆ ಕಾಗದ.

ಇ-ವೇ ಬಿಲ್ ಇದೆಯಲ್ಲ, ಅದು ಸಾಲದೇ ಎಂದು ಸುಮಾ ಕೇಳಿದರು. ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಇಂಥ ವಾಹನದಲ್ಲಿ ಇಂಥ ಸರಕು ಹೊರಟಿತು ಎಂದು ಅದು ಹೇಳುತ್ತದೆ. ಪಡೆಯುವವರು 72 ಗಂಟೆಯೊಳಗೆ ಪೋರ್ಟಲ್‌ನಲ್ಲಿ ತಿರಸ್ಕರಿಸದಿದ್ದರೆ ಒಪ್ಪಿದಂತೆ ಎಂಬ ನಿಯಮವೂ ಇದೆ. ಆದರೆ ಎಷ್ಟು ಕಟ್ಟು ಇಳಿಯಿತು, ಯಾವ ಸ್ಥಿತಿಯಲ್ಲಿ ಇಳಿಯಿತು, ಯಾರು ಎಣಿಸಿದರು ಎಂಬುದು ಅದರಲ್ಲಿಲ್ಲ. ಗೋದಾಮಿನ ಹುಡುಗನ ಫೋನ್ ಕರೆಯೂ ಅಷ್ಟೇ. ಅವನು ನಾಳೆ ಕೆಲಸ ಬಿಟ್ಟರೆ ಆ ಮಾತೂ ಅವನೊಡನೆ ಹೋಗುತ್ತದೆ.

ಆಗ ಆಕೆ ತಲೆತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಹಿಂದಿನ ದಿನ ಚಾಲಕ ಫೋನ್ ಮಾಡಿ, "ಅಕ್ಕ, ಇನ್ನೊಂದು ಪ್ರತಿ ಕೊಡಿ. ಅವರ ಹುಡುಗನ ಹೆಸರಿನಲ್ಲಿ ನಾನೇ ಸಹಿ ಹಾಕಿ 8ನೇ ತಾರೀಕು ಬರೆದುಕೊಡುತ್ತೇನೆ" ಎಂದಿದ್ದನಂತೆ. ಆಕೆ ಬೇಡವೆಂದಿರಲಿಲ್ಲ. ನೋಡೋಣ ಎಂದಿದ್ದರು. ನಿದ್ದೆ ಕೆಟ್ಟದ್ದು ಆ "ನೋಡೋಣ"ದಿಂದ ಎಂದು ನನಗೆ ಆಗ ತಿಳಿಯಿತು.

ಇಲ್ಲಿ ನಾನು ಮೆತ್ತಗೆ ಮಾತನಾಡಲಿಲ್ಲ. ಮಾಲು ನಿಜವಾಗಿ ತಲುಪಿದೆ, ಸಹಿ ಮಾತ್ರ ಸುಳ್ಳು. ಮುಂದೆ ತಕರಾರು ಬಂದ ದಿನ ಆ ಸುಳ್ಳು ಸಹಿಯೊಂದೇ ಸಾಕು, ನಿಜವಾದ 80 ಕಟ್ಟುಗಳನ್ನೂ ಅದು ಮುಳುಗಿಸುತ್ತದೆ. ಹಿಂದಿನ ತಾರೀಕು ಹಾಕಿಸಿಕೊಳ್ಳುವುದೂ ಅದೇ ಜಾತಿಯದು, ಸ್ವತಃ ಗ್ರಾಹಕರೇ ಹಾಕಿಕೊಟ್ಟರೂ ಸರಿ. ತಡವಾಗಿ ಮಾಡಿದ ಸಹಿಯಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಸರಕು ಬಂದ ದಿನ ಒಂದು ಸಾಲಿನಲ್ಲಿ, ಸಹಿ ಮಾಡಿದ ದಿನ ಇನ್ನೊಂದು ಸಾಲಿನಲ್ಲಿ ಇದ್ದರೆ ಕಾಗದ ನೆಟ್ಟಗೆ ನಿಲ್ಲುತ್ತದೆ. ಬಂದ ದಿನ ಮುಖ್ಯ ಎನ್ನುವುದಕ್ಕೆ ಕಾರಣವಿದೆ. ಉದ್ಯಮ್ ನೋಂದಣಿಯಾದ ಸಣ್ಣ ಉತ್ಪಾದಕರ ಬಾಕಿಗೆ 2006ರ ಕಾನೂನು ದಿನ ಎಣಿಸುವುದು ಸರಕಿನ ಸ್ವೀಕಾರದಿಂದ. ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಆ ದಿನ ಯಾವುದೆಂದು ತೋರಿಸಲಾಗದಿದ್ದರೆ ಎಣಿಕೆ ಎಲ್ಲಿಂದ ಶುರುಮಾಡುವುದು?

ನಂತರ ಚಿಕ್ಕಮಗಳೂರಿನ ಗೋದಾಮಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಸಹಿ ಕೇಳುವುದಕ್ಕಲ್ಲ. "ನಿಮ್ಮ ಆವಕ ಪುಸ್ತಕದಲ್ಲಿ 8ನೇ ತಾರೀಕಿನ ನಮ್ಮ ಮಾಲಿನ ಕ್ರಮ ಸಂಖ್ಯೆ ಎಷ್ಟು?" ಎಂದಷ್ಟೇ ಕೇಳುವುದಕ್ಕೆ. ಸಂಖ್ಯೆ ಎರಡು ನಿಮಿಷದಲ್ಲಿ ಸಿಕ್ಕಿತು. ಹಾಗೆ ಸಿಕ್ಕಿದ ಮೇಲೆ ಪತ್ರದ ಧಾಟಿಯೇ ಬದಲಾಗುತ್ತದೆ: ಮಾಲು ಬಂತೋ ಇಲ್ಲವೋ ಎಂಬ ಪ್ರಶ್ನೆ ಉಳಿಯುವುದಿಲ್ಲ, ಅವರ ಪುಸ್ತಕದಲ್ಲಿ ಇರುವುದನ್ನು ನಮ್ಮ ಪ್ರತಿಯ ಮೇಲೂ ಬರೆದುಕೊಡಿ ಎಂದಷ್ಟೇ ಆಗುತ್ತದೆ. ಇಬ್ಬರೂ ಕುಳಿತು ಬರೆದ ಪತ್ರ ಹೀಗಿತ್ತು.

"ಚಿಕ್ಕಪ್ಪ, ನಮಸ್ಕಾರ. ನಮ್ಮ ಬಿಲ್ ಸಂಖ್ಯೆ 214ರ 80 ಕಟ್ಟು ಪೆಟ್ಟಿಗೆಗಳು ಜುಲೈ 8ರಂದು ನಿಮ್ಮ ಗೋದಾಮು ತಲುಪಿವೆ ಎಂದು ನಿಮ್ಮವರು ತಿಳಿಸಿದ್ದಾರೆ. ನಿಮ್ಮ ಆವಕ ಪುಸ್ತಕದ ಕ್ರಮ ಸಂಖ್ಯೆ 67. ಮಳೆಯ ಗಡಿಬಿಡಿಯಲ್ಲಿ ನಮ್ಮ ಚಾಲಕ ಸಹಿಯಾದ ಪ್ರತಿಯನ್ನು ತರಲಿಲ್ಲ. ಚಲನ್‌ನ ನಕಲು ಪ್ರತಿ ಇದರ ಜೊತೆಗಿದೆ. ಮಾಲು ಎಣಿಸಿಕೊಂಡವರಿಂದ ಕೆಳಗಿನ ಸಾಲುಗಳನ್ನು ತುಂಬಿಸಿ, ಸಹಿ ಮತ್ತು ಮೊಹರು ಹಾಕಿಸಿ, ಶುಕ್ರವಾರ ಬರುವ ನಮ್ಮ ವಾಹನದಲ್ಲಿ ಕಳುಹಿಸಿಕೊಡಿ. ಅಲ್ಲಿಯವರೆಗೆ ಒಂದು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಚಾಲಕನ ಬಾಡಿಗೆ ಚುಕ್ತಾ ಮಾಡುತ್ತೇನೆ."

ಕೆಳಗೆ ಖಾಲಿ ಸಾಲುಗಳು: ಮಾಲು ಬಂದ ದಿನ, ಪಡೆದ ಕಟ್ಟುಗಳ ಸಂಖ್ಯೆ, ಕೊರತೆ ಅಥವಾ ಹಾನಿ ಇದ್ದರೆ ವಿವರ, ಪಡೆದವರ ಹೆಸರು ಮತ್ತು ಸಹಿ, ಮೊಹರು, ಸಹಿಯ ದಿನ. ನಕಲು ಪ್ರತಿಯ ತಲೆಯ ಮೇಲೆ "ನಕಲು" ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಮುಂದೆ ಮೂಲ ಪ್ರತಿ ಎಲ್ಲಿಂದಲಾದರೂ ಎದ್ದು ಬಂದರೆ ಎರಡು ಲೋಡ್ ಹೋಗಿತ್ತೆಂಬ ಗೊಂದಲ ಆಗಬಾರದು.

ಹಾನಿಯ ಸಾಲನ್ನು ನೋಡಿ ಸುಮಾ ಪೆನ್ನು ಕೆಳಗಿಟ್ಟರು. "ಇದನ್ನು ಯಾಕೆ ಹಾಕಬೇಕು ಸರ್? ಇಲ್ಲದ ದೂರನ್ನು ನಾವೇ ಕೇಳಿ ಪಡೆದಂತಾಗುವುದಿಲ್ಲವೇ?"

ಲಾರಿ ಕಚೇರಿಯಲ್ಲಿ ನಾನು ಕಲಿತದ್ದನ್ನು ಹೇಳಿದೆ. ಮಾಲು ಪಡೆದೂ ಸಹಿ ಮಾಡದೆ ಸುಮ್ಮನಿರುವವರಲ್ಲಿ ಮೋಸಗಾರರು ಕಡಿಮೆ. ಹೆಚ್ಚಿನವರ ಮನಸ್ಸಿನಲ್ಲಿ ಒಂದು "ಆದರೆ" ಇರುತ್ತದೆ, ಅದನ್ನು ಬರೆಯಲು ಕಾಗದದಲ್ಲಿ ಜಾಗ ಇರುವುದಿಲ್ಲ. "ಸರಕು ಸುಸ್ಥಿತಿಯಲ್ಲಿ ಪಡೆದಿದ್ದೇವೆ" ಎಂದು ಅಚ್ಚಾದ ಸಾಲಿನ ಕೆಳಗೆ ಸಹಿ ಮಾಡಿದರೆ ಆ "ಆದರೆ" ಸತ್ತಂತೆ. ಆದ್ದರಿಂದ ಚೀಟಿ ಕಳೆದುಹೋಗುತ್ತದೆ, ಫೋನ್ ಕೈಗೆ ಸಿಗುವುದಿಲ್ಲ. ಸುಮಾ ಒಪ್ಪಿದರೋ, ವಾದಿಸುವ ಶಕ್ತಿ ಇರಲಿಲ್ಲವೋ, ಸಾಲು ಉಳಿಯಿತು.

ಉತ್ತರ ಬಾರದಿದ್ದರೆ ಏನು ಮಾಡುವುದೆಂದೂ ಮಾತಾಡಿಕೊಂಡೆವು. ಒಂದು ವಾರದ ಬಳಿಕ ಅದೇ ಪತ್ರವನ್ನು ಒಂದಕ್ಷರ ಹೆಚ್ಚಿಸದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳುವುದು. ಅಂಚೆಯ ರಸೀದಿ ಪೆಟ್ಟಿಗೆಗಳು ತಲುಪಿದವೆಂದು ಹೇಳುವುದಿಲ್ಲ, ನಾವು ಕೇಳಿದ್ದೆವು ಎಂದು ಮಾತ್ರ ಹೇಳುತ್ತದೆ. ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬೇಕಾದರೆ ಸರಕು ಪಡೆದಿರಲೇಬೇಕೆಂಬ ನಿಯಮ ಗ್ರಾಹಕರಿಗೂ ಇದೆ. ಹೀಗಾಗಿ ಈ ಚೀಟಿ ಅವರ ಕಡತಕ್ಕೂ ಬೇಕಾದದ್ದೇ. ಆದರೆ ಅದನ್ನು ಮೊದಲ ಪತ್ರದಲ್ಲಿ ಬರೆಯಬೇಡಿ ಎಂದೆ. ಕಾನೂನಿನ ಮಾತು ಚಿಕ್ಕಪ್ಪ ಎಂಬ ಸಂಬೋಧನೆಯ ಪಕ್ಕದಲ್ಲಿ ಕುಳಿತರೆ ಇಬ್ಬರಿಗೂ ಇರಿಸುಮುರಿಸು.

ಸ್ಪೀಡ್ ಪೋಸ್ಟ್ ಬೇಕಾಗಲಿಲ್ಲ. ಪತ್ರ ಹೋದ ಸಂಜೆಯೇ ಆ ಹಿರಿಯರು ಫೋನ್ ಮಾಡಿದರು. ಅವರು ಹೇಳಿದ್ದನ್ನು ಸುಮಾ ಮುಂದಿನ ವಾರ ನನಗೆ ಒಪ್ಪಿಸಿದರು: "ಎರಡು ಕಟ್ಟು ಪೂರ್ತಿ ನೆನೆದಿದ್ದವು ಮಗಳೇ. ಸಹಿ ಹಾಕಿದರೆ ಎಲ್ಲ ಸರಿಯಿತ್ತು ಎಂದಾಗುತ್ತದೆ ಎಂದು ಹುಡುಗನಿಗೆ ಸದ್ಯಕ್ಕೆ ಬೇಡ ಎಂದೆ. ಐವತ್ತು ಪೆಟ್ಟಿಗೆಗೆ ನಿನ್ನ ಹತ್ತಿರ ಜಗಳ ಮಾಡುವುದಕ್ಕೂ ಮನಸ್ಸು ಬರಲಿಲ್ಲ. ನಿಮ್ಮಪ್ಪ ಇದ್ದಿದ್ದರೆ ಅವತ್ತೇ ಬೈದುಬಿಡುತ್ತಿದ್ದೆ."

ಅಂದರೆ ಮೂರು ವಾರ ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಶುಕ್ರವಾರ ಬಂದ ಕಾಗದದಲ್ಲಿ "80 ಕಟ್ಟು ಪಡೆದಿದೆ, 2 ಕಟ್ಟು ನೆನೆದು ಹಾಳು" ಎಂದು ಬರೆದು, ಗೋದಾಮಿನವರ ಸಹಿ, ಮೊಹರು, ಎರಡು ಬೇರೆ ಬೇರೆ ದಿನಾಂಕ ಎಲ್ಲವೂ ಇದ್ದವು. ಸುಮಾ 50 ಪೆಟ್ಟಿಗೆಗೆ 1,400 ರೂಪಾಯಿ ಮತ್ತು ಅದರ ತೆರಿಗೆಗೆ ಕ್ರೆಡಿಟ್ ನೋಟ್ ಕೊಟ್ಟರು. ಚಾಲಕನ 1,500 ರೂಪಾಯಿಯನ್ನು ಪೂರ್ತಿ ಕೊಡಿ ಎಂದೆ, ಅದಕ್ಕೆ ಆಕೆಗೆ ಸ್ವಲ್ಪ ಬೇಸರವಾಯಿತು. ಇಳಿಸುವಾಗಲೇ ಅವನ ಎದುರು "ನೆನೆದಿದೆ" ಎಂದು ಬರೆಸಿದ್ದರೆ ಟಾರ್ಪಾಲು ಯಾಕೆ ಸರಿಯಾಗಿ ಕಟ್ಟಲಿಲ್ಲ ಎಂದು ಕೇಳಬಹುದಿತ್ತು. ಈಗ ನೀರು ಬಿದ್ದದ್ದು ದಾರಿಯಲ್ಲೋ ಗೋದಾಮಿನ ಅಂಗಳದಲ್ಲೋ ಹೇಳುವವರು ಯಾರು? ಆ ನಷ್ಟ ಆಕೆಯದೇ.

ಹಣ ಆಗಸ್ಟ್‌ನಲ್ಲಿ ಬಂತು. ಅದಕ್ಕೂ ಮೊದಲೇ ನಿದ್ದೆ ಬಂದಿತ್ತಂತೆ, ಚಾಲಕನಿಗೆ ಆ ಸಹಿ ಬೇಡವೆಂದು ಹೇಳಿದ ರಾತ್ರಿಯೇ. ಈಗ ಆಕೆ ಚಲನ್‌ನಲ್ಲಿ "ಸುಸ್ಥಿತಿಯಲ್ಲಿ" ಎಂಬ ಅಚ್ಚಿನ ಪದ ತೆಗೆಸಿ ಹಾನಿಯ ಸಾಲು ಸೇರಿಸಿದ್ದಾರೆ. ಸಹಿಯಾದ ಕೂಡಲೇ, ವಾಹನ ಗೋದಾಮಿನ ಗೇಟು ದಾಟುವ ಮೊದಲು ಚಾಲಕ ಅದರ ಫೋಟೊ ಕಳುಹಿಸಬೇಕು. ಕೊನೆಯ ಭೇಟಿಯಲ್ಲಿ ನನ್ನೆದುರು ಕುಳಿತಿದ್ದಾಗಲೇ ಅವನ ಕರೆ ಬಂತು. "ಅಕ್ಕ, ಸಹಿ ಆಯಿತು. ಒಂದು ಕಟ್ಟಿನ ಹಗ್ಗ ಸಡಿಲ ಎಂದು ಬರೆದಿದ್ದಾರೆ. ಪರವಾಗಿಲ್ಲವೇ?"

"ಪರವಾಗಿಲ್ಲ, ಹೊರಡು" ಎಂದು ಸುಮಾ ಫೋನ್ ಇಟ್ಟರು.